ಎಂಟು ಲಕ್ಷದ ಪತ್ರ: ಪೋಷಕರ ಕೆಲವು ಪ್ರಶ್ನೆಗಳು

ಪಾಠ ಹೇಳುವುದನ್ನು ನಿಲ್ಲಿಸಿ ಕೆಲವು ವರ್ಷಗಳೇ ಕಳೆದರೂ ನನಗೆ ಪ್ರಶ್ನೆಗಳು ಬರುವುದು ನಿಂತಿಲ್ಲ. ಹಿಂದೆ ಹತ್ತನೆಯ ತರಗತಿಯ ಮಕ್ಕಳು ಕೇಳುತ್ತಿದ್ದರು. ಈಗ ಅದೇ ಮಕ್ಕಳು ತಂದೆತಾಯಿಗಳಾಗಿ, ತಮ್ಮ ಮಕ್ಕಳ ವಿಷಯವನ್ನು ಕೇಳುತ್ತಾರೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಏಳನೆಯ ಸೆಮಿಸ್ಟರ್ ಆರಂಭವಾಯಿತೆಂದರೆ ನನ್ನ ದೂರವಾಣಿಗೆ ಬಿಡುವಿರುವುದಿಲ್ಲ. “ಸಾರ್, ಮಗನಿಗೆ ಕ್ಯಾಂಪಸ್‌ನಲ್ಲಿ ಕೆಲಸ ಆಯ್ತು. ಇದು ಒಳ್ಳೆಯ ಆಫರೋ ಅಲ್ಲವೋ, ನೀವೇ ಹೇಳಬೇಕು” ಎನ್ನುತ್ತಾರೆ.

ಗಣಿತದ ಮೇಷ್ಟರಿಗೂ ಕಂಪನಿಯ ನೌಕರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ಲೆಕ್ಕದಲ್ಲಿ. ಇನ್ನುಳಿದ ವಿಚಾರಗಳನ್ನು ನನಗೆ ಹೇಳಿಕೊಟ್ಟವಳು ನನ್ನ ತಂಗಿಯ ಮಗಳು. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಸಿಬ್ಬಂದಿ ವಿಭಾಗದಲ್ಲಿದ್ದಾಳೆ; ಇಂತಹ ಪತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಸಿದ್ಧಪಡಿಸಿದವಳು. ಹೀಗೆ ತಿಳಿದುಕೊಂಡದ್ದನ್ನೂ, ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಕುಳಿತು ಮಾಡಿದ ಒಂದು ಲೆಕ್ಕವನ್ನೂ ಪ್ರಶ್ನೋತ್ತರದ ರೂಪದಲ್ಲಿ ಇಲ್ಲಿ ಬರೆದಿಡುತ್ತಿದ್ದೇನೆ. ಹಾಗಾದರೆ ದೂರವಾಣಿಯಲ್ಲಿ ಹತ್ತು ಸಲ ಹೇಳುವುದು ತಪ್ಪುತ್ತದೆ.

ಈ ವಿದ್ಯಾರ್ಥಿ ಹಾಸನದ ಕಡೆಯವನು, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮಗನಿಗೆ ಎರಡು ಕಂಪನಿಗಳಿಂದ ಪತ್ರ ಬಂದಿತ್ತು: ಪುಣೆಯ ಕಂಪನಿಯೊಂದರಿಂದ ವರ್ಷಕ್ಕೆ 8 ಲಕ್ಷ, ಮೈಸೂರಿನ ಕಂಪನಿಯೊಂದರಿಂದ 6 ಲಕ್ಷ. ಅಪ್ಪ ಆಗಲೇ 8 ಲಕ್ಷವನ್ನು 12ರಿಂದ ಭಾಗಿಸಿಬಿಟ್ಟಿದ್ದ. ತಿಂಗಳಿಗೆ 66,666 ರೂಪಾಯಿ! ಆ ಧೈರ್ಯದ ಮೇಲೆ ಊರಿನ ಹೊರವಲಯದಲ್ಲಿ ಒಂದು ಸೈಟು ನೋಡಿ, ತಿಂಗಳಿಗೆ 25,000 ರೂಪಾಯಿ ಕಂತಿನ ಸಾಲಕ್ಕೆ ಮಾತನಾಡಿಯೂ ಬಂದಿದ್ದ. ಮುಂಗಡ ಕೊಡುವ ಮುನ್ನ ನನಗೊಂದು ಮಾತು ತಿಳಿಸೋಣವೆಂದು ಫೋನು ಮಾಡಿದ್ದ.

ಪ್ರಶ್ನೆ: 8 ಲಕ್ಷ ಎಂದು ಬರೆದಿದ್ದಾರಲ್ಲ, ತಿಂಗಳಿಗೆ 66 ಸಾವಿರ ಬರುವುದಿಲ್ಲವೇ?

ಬರುವುದಿಲ್ಲ. ಪತ್ರದಲ್ಲಿರುವುದು ಸಿ.ಟಿ.ಸಿ. ಎಂಬ ಅಂಕಿ. ಈ ಹುಡುಗನಿಗಾಗಿ ಕಂಪನಿಯು ವರ್ಷದಲ್ಲಿ ಮಾಡಬಹುದಾದ ಒಟ್ಟು ಖರ್ಚು ಎಂದು ಅದರ ಅರ್ಥ. ಖರ್ಚು ಬೇರೆ, ಸಂಬಳ ಬೇರೆ. ನಾನು ಸರ್ಕಾರಿ ಶಾಲೆಯಲ್ಲಿದ್ದಾಗ ನನ್ನ ಸಂಬಳದ ಚೀಟಿಯಲ್ಲಿ ಒಂದು ಕಡೆ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇರುತ್ತಿದ್ದವು. ಇನ್ನೊಂದು ಕಡೆ ಕೆ.ಜಿ.ಐ.ಡಿ., ವೃತ್ತಿ ತೆರಿಗೆ ಮೊದಲಾದ ಕಡಿತಗಳು. ನಿವೃತ್ತಿಯ ದಿನ ಬರುವ ಗ್ರಾಚುಯಿಟಿಯನ್ನು ಯಾರೂ ಪ್ರತಿ ವರ್ಷದ ಸಂಬಳದಲ್ಲಿ ಸೇರಿಸಿ ನಮಗೆ ಹೇಳಿದ್ದಿಲ್ಲ. ಕಂಪನಿಗಳು ಅದನ್ನೂ ಸೇರಿಸಿ ಹೇಳುತ್ತವೆ. ಅದರಲ್ಲಿ ಮೋಸವೇನೂ ಇಲ್ಲ. ಎಲ್ಲವನ್ನೂ ಪತ್ರದ ಕೊನೆಯ ಪುಟದಲ್ಲಿ ಅಥವಾ ಅನುಬಂಧದಲ್ಲಿ ಬರೆದೇ ಇರುತ್ತಾರೆ. ನಾವು ಮೊದಲನೆಯ ಪುಟವನ್ನು ಮಾತ್ರ ನೋಡಿ ದೇವರ ಮುಂದಿಡುತ್ತೇವೆ.

ನಾನು ಅವನ ಮನೆಗೆ ಹೋದಾಗ ಮೂರು ಬಣ್ಣದ ಪೆನ್ಸಿಲ್ ತರಿಸಿದೆ. (ಮೇಷ್ಟರ ಅಭ್ಯಾಸ ಹೋಗಿಲ್ಲವೆಂದು ಅವನ ಹೆಂಡತಿ ನಕ್ಕರು.) ಪ್ರತಿ ತಿಂಗಳು ತಪ್ಪದೆ ಬರುವ ಹಣಕ್ಕೆ ಹಸಿರು. ಹುಡುಗನಿಗೇ ಸೇರಿದ್ದು, ಆದರೆ ಈಗ ಕೈಗೆ ಬರದು ಎನ್ನುವ ಹಣಕ್ಕೆ ನೀಲಿ. ಏನಾದರೂ ಷರತ್ತು ಪೂರೈಸಿದರೆ ಮಾತ್ರ ಸಿಗುವ, ಅಥವಾ ಸಿಕ್ಕಮೇಲೂ ಹಿಂದಿರುಗಿಸಬೇಕಾಗಿ ಬರಬಹುದಾದ ಹಣಕ್ಕೆ ಕೆಂಪು.

ಪುಣೆಯ ಪತ್ರದ ಅನುಬಂಧದಲ್ಲಿ ಇದ್ದದ್ದು ಹೀಗೆ. ಮೂಲ ವೇತನ ವರ್ಷಕ್ಕೆ 3,00,000. ಮನೆ ಬಾಡಿಗೆ ಭತ್ಯೆ 1,20,000. ವಿಶೇಷ ಭತ್ಯೆ 60,000. ಈ ಮೂರು ಸೇರಿ 4,80,000. ಇಷ್ಟೇ ಹಸಿರು.

ಕಂಪನಿಯು ತನ್ನ ಪಾಲಿನಿಂದ ತುಂಬುವ ಭವಿಷ್ಯನಿಧಿ, ಎಂದರೆ ಪಿ.ಎಫ್., ಮೂಲ ವೇತನದ ಶೇಕಡಾ 12ರಂತೆ 36,000. ಆರೋಗ್ಯ ವಿಮೆಯ ಕಂತು 9,570. ಇವು ನೀಲಿ. ಪಿ.ಎಫ್. ಹುಡುಗನದೇ ಉಳಿತಾಯ, ವಿಮೆಯೂ ಉಪಯುಕ್ತವಾದದ್ದೇ, ಆದರೆ ಇವುಗಳಿಂದ ಮನೆ ಬಾಡಿಗೆ ಕಟ್ಟಲಾಗದು.

ಇನ್ನು ಕೆಂಪು. ಗ್ರಾಚುಯಿಟಿ 14,430, ಕಾರ್ಯಕ್ಷಮತೆಯನ್ನು ಅವಲಂಬಿಸಿದ ವೇತನ, ಅವರ ಮಾತಿನಲ್ಲಿ ವೇರಿಯಬಲ್ ಪೇ, 80,000, ಸೇರುವಾಗ ಕೊಡುವ ಜಾಯ್ನಿಂಗ್ ಬೋನಸ್ 1,00,000, ಎರಡು ವರ್ಷ ತುಂಬಿದ ಮೇಲೆ ಕೊಡುವ ರಿಟೆನ್ಷನ್ ಬೋನಸ್ 80,000. ಕೂಡಿದರೆ 2,74,430. ಹಸಿರು, ನೀಲಿ, ಕೆಂಪು ಮೂರನ್ನೂ ಕೂಡಿ ನೋಡಿ: ಸರಿಯಾಗಿ 8,00,000. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹಸಿರಿನ 4,80,000ವನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 40,000. ಇದರಲ್ಲಿ ಹುಡುಗನ ಪಾಲಿನ ಪಿ.ಎಫ್. 3,000 ಕಡಿತವಾಗುತ್ತದೆ. ವೃತ್ತಿ ತೆರಿಗೆ ಸುಮಾರು 200. ಕರ್ನಾಟಕದಲ್ಲಿ 2025ರಿಂದ ಫೆಬ್ರವರಿ ತಿಂಗಳಿನಲ್ಲಿ ಮಾತ್ರ 300 ಹಿಡಿಯುತ್ತಾರೆ. ಮಹಾರಾಷ್ಟ್ರದಲ್ಲಿಯೂ ಹೆಚ್ಚುಕಡಿಮೆ ಇದೇ ರೀತಿ. ಆದಾಯ ತೆರಿಗೆಯ ಹೆದರಿಕೆ ಬೇಡ; 2025-26ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯಲ್ಲಿ, ಸಂಬಳ ಒಂದೇ ಆದಾಯವಾಗಿರುವವರಿಗೆ 12,75,000 ರೂಪಾಯಿವರೆಗೆ ತೆರಿಗೆ ಬೀಳುವುದಿಲ್ಲ. ಹೀಗೆ ಕೈಗೆ ಬರುವುದು ತಿಂಗಳಿಗೆ 36,800 ರೂಪಾಯಿ.

ಅಪ್ಪನ 66,666ಕ್ಕೂ ಇದಕ್ಕೂ ಸುಮಾರು 30,000 ರೂಪಾಯಿಗಳ ಅಂತರ. ಅವನು ಕನ್ನಡಕ ತೆಗೆದು ಒರೆಸಿಕೊಂಡು, “ಸಾರ್, ಇನ್ನೊಂದು ಸಲ ಕೂಡಿ” ಎಂದ. ಕೂಡಿದೆವು.

ಪ್ರಶ್ನೆ: ಕೆಂಪು ಹಣವೂ ಬಂದೇ ಬರುತ್ತದಲ್ಲವೇ? ಸುಮ್ಮನೆ ಬರೆದಿರುತ್ತಾರೆಯೇ?

ಸುಮ್ಮನೆ ಬರೆದಿರುವುದಿಲ್ಲ, ಆದರೆ ಪ್ರತಿಯೊಂದರ ಹಿಂದೆ ಒಂದು “ಆದರೆ” ಇದೆ. ಗ್ರಾಚುಯಿಟಿ ಎಂದರೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ವೇತನ. ಸಾಮಾನ್ಯ ನೌಕರನಿಗೆ ಅದು ಸಿಗಬೇಕಾದರೆ ಒಂದೇ ಸಂಸ್ಥೆಯಲ್ಲಿ ಐದು ವರ್ಷ ಸೇವೆ ಆಗಿರಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ, ನಿಗದಿತ ಅವಧಿಯ ಒಪ್ಪಂದದ ಮೇಲೆ ಸೇರಿದವರಿಗೆ ಒಂದು ವರ್ಷಕ್ಕೇ ಇದು ಸಲ್ಲುತ್ತದೆ. ಕ್ಯಾಂಪಸ್‌ನಿಂದ ಖಾಯಂ ನೌಕರರಾಗಿ ಸೇರುವ ಮಕ್ಕಳಿಗೆ ಐದು ವರ್ಷವೇ. ಇಪ್ಪತ್ತೆರಡರ ವಯಸ್ಸಿನ ಹುಡುಗರಲ್ಲಿ ಐದು ವರ್ಷ ಒಂದೇ ಕಡೆ ನಿಲ್ಲುವವರು ಎಷ್ಟು ಮಂದಿ, ನಿಮ್ಮ ನೆಂಟರಿಷ್ಟರಲ್ಲೇ ಎಣಿಸಿ ನೋಡಿ.

ವೇರಿಯಬಲ್ ಪೇ ವಿಷಯದಲ್ಲಿ ಪತ್ರದ ಭಾಷೆಯನ್ನು ಗಮನಿಸಬೇಕು. ಕಂಪನಿಯ ಲಾಭ ಮತ್ತು ನೌಕರನ ಕೆಲಸದ ಮೌಲ್ಯಮಾಪನ ಎರಡನ್ನೂ ನೋಡಿ ಎಷ್ಟು ಕೊಡಬೇಕೆಂದು ಕಂಪನಿ ತೀರ್ಮಾನಿಸುತ್ತದೆ. ಪೂರ್ತಿ ಬರಬಹುದು, ಅರ್ಧ ಬರಬಹುದು, ಕೆಟ್ಟ ವರ್ಷದಲ್ಲಿ ಏನೂ ಬಾರದೆಯೂ ಇರಬಹುದು. ತರಬೇತಿ ಮುಗಿದು ಹುದ್ದೆ ಖಾಯಂ ಆಗುವವರೆಗೆ ಇದಕ್ಕೆ ಅರ್ಹತೆಯೇ ಇಲ್ಲ ಎಂಬ ಸಾಲನ್ನು ಕೆಲವು ಪತ್ರಗಳಲ್ಲಿ ನಾನೇ ಓದಿದ್ದೇನೆ. ಮಾರಾಟದ ಹುದ್ದೆಗಳಾದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಅರ್ಧಕ್ಕರ್ಧ ಸಂಬಳ ಗುರಿ ಮುಟ್ಟಿದವರಿಗೆ ಮಾತ್ರ.

ಜಾಯ್ನಿಂಗ್ ಬೋನಸ್ ಒಂದು ಸಲದ ಹಣ. ಎರಡನೆಯ ವರ್ಷದ ಸಂಬಳದಲ್ಲಿ ಅದು ಇರುವುದಿಲ್ಲ. ನಿಗದಿತ ಅವಧಿಯೊಳಗೆ ಕೆಲಸ ಬಿಟ್ಟರೆ ಪೂರ್ತಿ ಹಿಂದಿರುಗಿಸಬೇಕು ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ; ಪುಣೆಯ ಪತ್ರದಲ್ಲಿ ಈ ಅವಧಿ ಎರಡು ವರ್ಷವಾಗಿತ್ತು.

ಪ್ರಶ್ನೆ: ಹಾಗಾದರೆ 6 ಲಕ್ಷದ ಪತ್ರವೂ ಹೀಗೆಯೇ ಕರಗುತ್ತದಲ್ಲವೇ?

ಇದೇ ಪ್ರಶ್ನೆಯನ್ನು ಹುಡುಗ ಕೇಳಿದ. ಜಾಣ ಹುಡುಗ. ಮೈಸೂರಿನ ಪತ್ರಕ್ಕೂ ಪೆನ್ಸಿಲ್ ಹಿಡಿದೆವು. ಮೂಲ ವೇತನ ಅದೇ 3,00,000. ಬಾಡಿಗೆ ಭತ್ಯೆ 1,20,000. ವಿಶೇಷ ಭತ್ಯೆ 90,000. ಹಸಿರು 5,10,000! ನೀಲಿ ಮೊದಲಿನಂತೆಯೇ 45,570. ಕೆಂಪಿನಲ್ಲಿ ಗ್ರಾಚುಯಿಟಿ 14,430 ಮತ್ತು ವೇರಿಯಬಲ್ ಪೇ 30,000 ಮಾತ್ರ. ತಿಂಗಳಿಗೆ 42,500, ಕಡಿತ ಕಳೆದು ಕೈಗೆ 39,300.

ಅಂದರೆ 6 ಲಕ್ಷದ ಕೆಲಸದಲ್ಲಿ ತಿಂಗಳಿಗೆ ಕೈಗೆ ಬರುವುದು 8 ಲಕ್ಷದ ಕೆಲಸಕ್ಕಿಂತ 2,500 ರೂಪಾಯಿ ಹೆಚ್ಚು. ಮನೆಯವರೆಲ್ಲ ಬಾಯಿ ತೆರೆದು ಕುಳಿತರು. ಆದರೆ ಇಲ್ಲಿಗೇ ಲೆಕ್ಕ ನಿಲ್ಲಿಸಿದರೆ ಪುಣೆಯ ಕಂಪನಿಗೆ ಅನ್ಯಾಯ ಮಾಡಿದಂತಾಗುತ್ತದೆ. ವೇರಿಯಬಲ್ ಪೇಯನ್ನು ಎರಡೂ ಕಡೆ ಬಿಟ್ಟು, ಕಡಿತಕ್ಕೆ ಮುಂಚಿನ ಎರಡು ವರ್ಷಗಳ ಒಟ್ಟು ಮೊತ್ತ ನೋಡೋಣ. ಪುಣೆಯಲ್ಲಿ 9,60,000 ಸಂಬಳ, ಜೊತೆಗೆ ಎರಡು ಬೋನಸ್ ಸೇರಿ 1,80,000, ಒಟ್ಟು 11,40,000. ಮೈಸೂರಿನಲ್ಲಿ 10,20,000. ಆದುದರಿಂದ ಎರಡು ವರ್ಷ ಅಲುಗಾಡದೆ ನಿಂತರೆ ಪುಣೆಯಲ್ಲಿ 1,20,000 ಹೆಚ್ಚು ಸಿಗುತ್ತದೆ. ಎರಡು ವರ್ಷ ಕಟ್ಟಿಹಾಕಿಕೊಳ್ಳುವುದಕ್ಕೆ ಕಂಪನಿ ಕೊಡುವ ಬೆಲೆ ಅದು. ಮೂರನೆಯ ವರ್ಷದಿಂದ ಬೋನಸ್‌ಗಳಿಲ್ಲ. ವಾರ್ಷಿಕ ಹೆಚ್ಚಳವನ್ನು ಶೇಕಡಾವಾರು ಲೆಕ್ಕದಲ್ಲಿ ಕೊಡುವುದು ಸ್ಥಿರ ವೇತನದ ಮೇಲೆಯೇ. ಅಲ್ಲಿ ಮೈಸೂರು ಮುಂದಿದೆ.

ಊರಿನ ವಿಚಾರವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹಾಸನದಿಂದ ಮೈಸೂರಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪುತ್ತೇವೆ.

ಪ್ರಶ್ನೆ: ಕಂಪನಿಗಳೇಕೆ ಹೀಗೆ ಅಂಕಿಯನ್ನು ಉಬ್ಬಿಸುತ್ತವೆ?

ಇದಕ್ಕೆ ಉತ್ತರ ಕೊಟ್ಟವಳು ತಂಗಿಯ ಮಗಳು. “ಮಾವ, ಅದು ಹುಡುಗರಿಗಿಂತ ಹೆಚ್ಚಾಗಿ ಕಾಲೇಜಿಗಾಗಿ ಬರೆಯುವ ಅಂಕಿ” ಎಂದಳು. ಅನೇಕ ಕಾಲೇಜುಗಳಲ್ಲಿ ಸಿ.ಟಿ.ಸಿ.ಯ ಆಧಾರದ ಮೇಲೆ ಕಂಪನಿಗಳಿಗೆ ದರ್ಜೆ ಕೊಡುತ್ತಾರೆ. ದೊಡ್ಡ ಅಂಕಿಯ ಕಂಪನಿಗೆ “ಡ್ರೀಮ್” ಎಂಬ ಹೆಸರು, ಮೊದಲ ದಿನಗಳಲ್ಲೇ ಪ್ರವೇಶ. ಮೊದಲು ಬಂದವರಿಗೆ ಒಳ್ಳೆಯ ಹುಡುಗರು ಸಿಗುತ್ತಾರೆ. ಸ್ಥಿರ ವೇತನ ಹೆಚ್ಚಿಸುವುದು ಕಂಪನಿಗೆ ದುಬಾರಿ, ಏಕೆಂದರೆ ಅದನ್ನು ಪ್ರತಿ ವರ್ಷವೂ ಕೊಡಬೇಕು. ಬೋನಸ್ ಸೇರಿಸಿ ಮೊದಲ ವರ್ಷದ ಅಂಕಿಯನ್ನು ಎತ್ತರಿಸುವುದು ಅಗ್ಗ. ಕಾಲೇಜಿಗೂ ಇದರಿಂದ ನಷ್ಟವಿಲ್ಲ, ಹೆದ್ದಾರಿಯ ಪಕ್ಕದ ಫಲಕದಲ್ಲಿ ದೊಡ್ಡ ಅಂಕಿ ಹಾಕಿಸಬಹುದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ನಿಯಮ ಪೋಷಕರಿಗೆ ತಿಳಿದಿರಬೇಕು. ಒಬ್ಬ ವಿದ್ಯಾರ್ಥಿಗೆ ಒಂದು ಆಫರ್ ಸಿಕ್ಕಿದ ಮೇಲೆ, ಅದಕ್ಕಿಂತ ಇಷ್ಟು ಪಟ್ಟು ಹೆಚ್ಚು ಸಿ.ಟಿ.ಸಿ. ಕೊಡುವ ಕಂಪನಿಗೆ ಮಾತ್ರ ಮುಂದೆ ಕೂರಬಹುದು ಎಂದು ಹಲವು ಕಾಲೇಜುಗಳಲ್ಲಿ ಕಟ್ಟಳೆಯಿದೆ. ಆಗ ಉಬ್ಬಿದ 8 ಲಕ್ಷವನ್ನು ಮೊದಲು ಪಡೆದ ಹುಡುಗ, ನಿಜವಾಗಿ ಹೆಚ್ಚು ಸಂಬಳದ 6 ಲಕ್ಷಕ್ಕೆ ಕೂರುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ನಮ್ಮ ಹುಡುಗನಿಗೆ 6 ಲಕ್ಷ ಮೊದಲು ಬಂದದ್ದು ಅದೃಷ್ಟ. ಆದುದರಿಂದ ಈ ಕಟ್ಟಳೆಯನ್ನು ಏಳನೆಯ ಸೆಮಿಸ್ಟರಿನ ಮೊದಲ ವಾರದಲ್ಲೇ ಮಕ್ಕಳಿಂದ ಕೇಳಿ ತಿಳಿದುಕೊಳ್ಳಿ. ಅನುಬಂಧದ ಪುಟ ಸಂದರ್ಶನಕ್ಕೆ ಮೊದಲೇ ಪ್ಲೇಸ್‌ಮೆಂಟ್ ಅಧಿಕಾರಿಯ ಬಳಿ ಇರುವುದುಂಟು, ಕೇಳಿದವರಿಗೆ ತೋರಿಸುತ್ತಾರೆ.

ಪ್ರಶ್ನೆ: ಬಾಂಡ್‌ಗೆ ಸಹಿ ಹಾಕಬಹುದೇ? ತಂದೆಯ ಸಹಿಯನ್ನೂ ಕೇಳುತ್ತಿದ್ದಾರೆ.

ಪುಣೆಯ ಪತ್ರದ ಜೊತೆಗೆ ಇದೂ ಇತ್ತು. ಎರಡು ವರ್ಷದೊಳಗೆ ಬಿಟ್ಟರೆ ತರಬೇತಿಯ ವೆಚ್ಚವೆಂದು 2 ಲಕ್ಷ ಕೊಡಬೇಕು. ಛಾಪಾ ಕಾಗದದ ಮೇಲೆ ಹುಡುಗನ ಸಹಿ, ಜಾಮೀನುದಾರನಾಗಿ ತಂದೆಯ ಸಹಿ. ಅಂಗಡಿಯಲ್ಲಿ ದಿನವೂ ಸಾಲದ ಲೆಕ್ಕ ಬರೆಯುವ ಮನುಷ್ಯ ಈ ಕಾಗದವನ್ನು ಓದದೆಯೇ ಸಹಿಗೆ ಪೆನ್ನು ತೆಗೆದಿದ್ದ!

“ಇಂತಹ ಬಾಂಡ್‌ಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕಿ, ಆಮೇಲೆ ನೋಡಿಕೊಳ್ಳೋಣ” ಎಂದು ಧೈರ್ಯ ಹೇಳುವವರು ಊರಿಗೊಬ್ಬರಿರುತ್ತಾರೆ. ಅವರ ಮಾತನ್ನು ನಂಬಬೇಡಿ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕೊಡಬೇಕೆಂಬ ಷರತ್ತಿಗೆ ಒಪ್ಪಿ ಸೇರಿದ್ದ ಅಧಿಕಾರಿಯೊಬ್ಬರು ಅವಧಿಗೆ ಮೊದಲೇ ಬಿಟ್ಟು, ಆ ಹಣವನ್ನು ಕಟ್ಟಿ, ಬಳಿಕ ಅದನ್ನು ಪ್ರಶ್ನಿಸಿದ್ದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದಿದ್ದರು. ಸುಪ್ರೀಂ ಕೋರ್ಟು ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಹಾಗೆಂದು ಬರೆದ ಬಾಂಡ್‌ಗಳೆಲ್ಲವೂ ಸಿಂಧುವೆಂದು ಅರ್ಥವಲ್ಲ. ಅಲ್ಲಿದ್ದದ್ದು ಸಾರ್ವಜನಿಕ ಬ್ಯಾಂಕಿನ ಹಿರಿಯ ಹುದ್ದೆ, ನೇಮಕಾತಿಗೆ ಆದ ವೆಚ್ಚ. ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ ಕರಾರು ಮುರಿದವನಿಂದ ಪಡೆಯಬಹುದಾದದ್ದು ನ್ಯಾಯವಾದ ಪರಿಹಾರವನ್ನು ಮಾತ್ರ. ಬರೆದ ಮೊತ್ತ ಅದರ ಮಿತಿ. ಹದಿನೈದು ದಿನ ತರಬೇತಿ ಕೊಟ್ಟು ಐದು ಲಕ್ಷ ಕೇಳುವವನಿಗೆ ನ್ಯಾಯಾಲಯದಲ್ಲಿ ಕಷ್ಟವಾದೀತು. ಆದರೆ ಅಲ್ಲಿಯವರೆಗೆ ಹೋಗಿ ವಾದಿಸುವ ಶಕ್ತಿ ಮತ್ತು ಸಮಯ ನಮಗಿದೆಯೇ?

ಆದುದರಿಂದ ಸಹಿಗೆ ಮುನ್ನ ಒಂದು ಮುಖ್ಯ ವಿಷಯ ನೋಡಿ: ಸೇವೆಯ ತಿಂಗಳುಗಳು ಕಳೆದಂತೆ ಮೊತ್ತ ಇಳಿಯುತ್ತದೆಯೇ, ಇಲ್ಲವೇ? ಇಪ್ಪತ್ತೆರಡು ತಿಂಗಳು ದುಡಿದವನಿಗೂ ಮೊದಲ ತಿಂಗಳು ಬಿಟ್ಟವನಿಗೂ ಒಂದೇ ಮೊತ್ತವಾದರೆ ಅದು ಕಠಿಣ ಬಾಂಡ್. ಪುಣೆಯದು ಅಂತಹುದೇ. ಬಿಟ್ಟರೆ ಜಾಯ್ನಿಂಗ್ ಬೋನಸ್‌ನ 1 ಲಕ್ಷವೂ ಸೇರಿ 3 ಲಕ್ಷದ ಹೊಣೆ. ಅಪ್ಪ ಜಾಮೀನುದಾರನಾದರೆ ಅದು ಮಗನೊಬ್ಬನ ಹೊಣೆಯಾಗಿ ಉಳಿಯುವುದಿಲ್ಲ. ಇನ್ನು ಮೂಲ ಅಂಕಪಟ್ಟಿಗಳನ್ನೋ, ಮೊತ್ತ ಬರೆಯದ ಚೆಕ್ಕನ್ನೋ, ಠೇವಣಿಯೆಂದು ಹಣವನ್ನೋ ಕೇಳಿದರೆ ಯೋಚಿಸುವ ಅಗತ್ಯವೇ ಇಲ್ಲ, ಎದ್ದು ಬನ್ನಿ.

ಪ್ರಶ್ನೆ: ಪತ್ರ ಕೈಯಲ್ಲಿದ್ದರೆ ಕೆಲಸ ಖಚಿತವಲ್ಲವೇ?

ಯಾವ ಪತ್ರ ಎಂಬುದರ ಮೇಲೆ ಹೋಗುತ್ತದೆ. ಕ್ಯಾಂಪಸ್‌ನಲ್ಲಿ ಹಲವು ಸಲ ಮೊದಲು ಕೊಡುವುದು ಆಶಯಪತ್ರ, “ನಿಮ್ಮನ್ನು ತೆಗೆದುಕೊಳ್ಳುವ ಉದ್ದೇಶವಿದೆ” ಎಂಬಷ್ಟರ ಕಾಗದ. ಆಮೇಲೆ ಆಫರ್ ಪತ್ರ, ಸೇರುವ ದಿನ ನೇಮಕಾತಿ ಪತ್ರ. ಮೊದಲನೆಯದರಲ್ಲಿ ಸೇರುವ ತಾರೀಖು ಇರುವುದು ಅಪರೂಪ. ಅದರ ಬದಲು “ವ್ಯವಹಾರದ ಅಗತ್ಯಕ್ಕೆ ತಕ್ಕಂತೆ ತಿಳಿಸಲಾಗುವುದು” ಎಂಬ ಒಂದು ಸಾಲಿರುತ್ತದೆ. ಈ ಸಾಲಿನ ತೂಕ ಏನೆಂಬುದನ್ನು 2022ರಲ್ಲಿ ಪದವಿ ಮುಗಿಸಿದ ಮಕ್ಕಳನ್ನು ಕೇಳಬೇಕು. ದೊಡ್ಡ ದೊಡ್ಡ ಐ.ಟಿ. ಕಂಪನಿಗಳ ಪತ್ರ ಹಿಡಿದುಕೊಂಡು ಆ ತಂಡದ ಕೆಲವರು ಎರಡು ವರ್ಷಕ್ಕೂ ಮೇಲ್ಪಟ್ಟು ಮನೆಯಲ್ಲಿ ಕಾದರು. ಕಾದು ಕೊನೆಗೆ ಸೇರಿದವರಲ್ಲಿಯೂ ಎಲ್ಲರಿಗೂ ನೆಮ್ಮದಿ ಸಿಗಲಿಲ್ಲ. 2025ರ ಫೆಬ್ರವರಿಯಲ್ಲಿ ಮೈಸೂರಿನ ದೊಡ್ಡ ತರಬೇತಿ ಕೇಂದ್ರವೊಂದರಿಂದ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು, ಆಂತರಿಕ ಪರೀಕ್ಷೆಯಲ್ಲಿ ಮೂರು ಸಲವೂ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ ಕಳುಹಿಸಿದ ಸುದ್ದಿಯನ್ನು ನೀವೂ ಓದಿರಬಹುದು. ತರಬೇತಿಯ ಪರೀಕ್ಷೆಯ ಷರತ್ತು ಪತ್ರದಲ್ಲಿ ಇದೆಯೇ, ಎಷ್ಟು ಅವಕಾಶ ಕೊಡುತ್ತಾರೆ ಎಂಬುದನ್ನೂ ಹುಡುಕಿ ಓದಬೇಕಾದದ್ದು ಇದಕ್ಕಾಗಿಯೇ.

ತಡವಾದರೆ ಏನು ಮಹಾ ಎನ್ನಬೇಡಿ. ಶಿಕ್ಷಣ ಸಾಲ ತೆಗೆದವರ ಮನೆಯಲ್ಲಿ ಇದು ದೊಡ್ಡ ವಿಷಯ. ಬ್ಯಾಂಕುಗಳು ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷದ ಮೇಲೆ ಕಂತು ಆರಂಭಿಸುತ್ತವೆ. ಹುಡುಗ ಸೇರಲಿ, ಸೇರದಿರಲಿ, ಆ ತಾರೀಖು ಬಂದೇ ಬರುತ್ತದೆ. ಈ ಮನೆಯಲ್ಲಿ ಬಡ್ಡಿ ಸೇರಿ ಸಾಲ 5 ಲಕ್ಷ ಆಗುವುದರಲ್ಲಿತ್ತು. ಶೇಕಡಾ 10ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 8,300. ಮೈಸೂರಿನ 39,300ರಲ್ಲಿ ಪಿ.ಜಿ. ಬಾಡಿಗೆ, ಊಟ, ಓಡಾಟಕ್ಕೆ 14,000 ಎಂದು ಹಿಡಿದು, ಈ ಕಂತನ್ನೂ ಕಳೆದರೆ ಉಳಿಯುವುದು 17,000. ಪುಣೆಯಾದರೆ 14,500. ಇದರಲ್ಲಿ 25,000ದ ಸೈಟಿನ ಕಂತು ಎಲ್ಲಿಂದ ಬರಬೇಕು? ಈ ವಜಾ ಲೆಕ್ಕವನ್ನು ನಾನು ಮಾಡಲಿಲ್ಲ. ಅಪ್ಪನೇ ಅಂಗಡಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಮಾಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಸೈಟಿನವನಿಗೆ ಫೋನು ಮಾಡಲು ಹೊರಗೆ ಎದ್ದುಹೋದ.

ಪ್ರಶ್ನೆ: ಇದನ್ನೆಲ್ಲ ಯಾರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು?

ಕಂಪನಿಯ ಸಿಬ್ಬಂದಿ ವಿಭಾಗದವರು ಸುಳ್ಳು ಹೇಳದಿರಬಹುದು, ಆದರೆ ಚೆನ್ನಾಗಿ ಕಾಣುವುದನ್ನೇ ಮೊದಲು ಹೇಳುತ್ತಾರೆ. ಪ್ಲೇಸ್‌ಮೆಂಟ್ ಅಧಿಕಾರಿಗೆ ಆ ಕಂಪನಿ ಮುಂದಿನ ವರ್ಷವೂ ಬರಬೇಕು. ಅದೇ ಕಾಲೇಜಿನಿಂದ ಅದೇ ಕಂಪನಿಗೆ ಕಳೆದ ವರ್ಷ ಹೋದ ಹುಡುಗ ಹುಡುಗಿಯರಿಗೆ ಮಾತ್ರ ಇದರಲ್ಲಿ ಯಾವ ಲಾಭವೂ ಇಲ್ಲ. ಅವರಲ್ಲಿ ಒಬ್ಬರನ್ನಲ್ಲ, ಮೂವರನ್ನಾದರೂ ಮಾತನಾಡಿಸಲಿ. “ಕಂಪನಿ ಹೇಗಿದೆ” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಪರೀಕ್ಷೆ ಮುಗಿದ ಎಷ್ಟು ತಿಂಗಳ ಮೇಲೆ ಸೇರಿಸಿಕೊಂಡರು, ಮೊದಲ ಪೂರ್ತಿ ತಿಂಗಳು ಬ್ಯಾಂಕಿಗೆ ಎಷ್ಟು ಜಮೆಯಾಯಿತು, ವೇರಿಯಬಲ್ ಪೇ ಎಷ್ಟು ಬಂದಿತು, ಈಗ ಮಾಡುತ್ತಿರುವ ಕೆಲಸವೇನು ಎಂದು ಕೇಳಬೇಕು. ಕೊನೆಯದಕ್ಕೆ ಹೆಚ್ಚು ಗಮನ ಕೊಡಿ. ಪತ್ರದಲ್ಲಿ “ಇಂಜಿನಿಯರ್” ಎಂದಿದ್ದು, ರಾತ್ರಿ ಪಾಳಿಯಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಕೊಡುವ ಕೆಲಸ ಸಿಕ್ಕಿದರೆ ಎರಡು ವರ್ಷದ ಅನುಭವಕ್ಕೆ ಮುಂದಿನ ಕಂಪನಿಯಲ್ಲಿ ಬೆಲೆ ಕಡಿಮೆ.

ನಮ್ಮ ಹುಡುಗ ಹಾಗೆಯೇ ಕೇಳಿದ. ಪುಣೆಗೆ ಆಯ್ಕೆಯಾದ ಹಿಂದಿನ ತಂಡದ ನಾಲ್ವರಲ್ಲಿ ಇಬ್ಬರಿಗೆ ಕರೆ ಬಂದದ್ದು ಎಂಟು ತಿಂಗಳ ಮೇಲೆ. ಇನ್ನಿಬ್ಬರು ಕಾದು ಬೇಸತ್ತು ಬೇರೆ ಕಡೆ ಸೇರಿದ್ದರು. ಮೈಸೂರಿನ ಕಂಪನಿ ಮೂವರನ್ನೂ ಆಗಸ್ಟ್‌ನಲ್ಲಿ ಸೇರಿಸಿಕೊಂಡಿತ್ತು; ಆದರೆ ಅದು ಸಣ್ಣ ಕಂಪನಿ, ವಿದೇಶದ ಒಬ್ಬನೇ ಗ್ರಾಹಕನ ಮೇಲೆ ನಿಂತಿದೆ ಎಂದೂ ಅವರೇ ಹೇಳಿದರು. ಯಾವ ಪತ್ರವೂ ದೋಷರಹಿತವಲ್ಲ. ಹುಡುಗ ಪುಣೆಗೆ ಇ-ಮೇಲ್ ಬರೆದು ಸೇರುವ ತಿಂಗಳನ್ನಾದರೂ ತಿಳಿಸಿ ಎಂದು ಕೇಳಿದ. ಮೂರು ದಿನಗಳ ಮೇಲೆ ವ್ಯವಹಾರದ ಅಗತ್ಯದ ಅದೇ ಸಾಲು ಮರಳಿ ಬಂದಿತು. ಅವನು ಮೈಸೂರನ್ನು ಆರಿಸಿಕೊಂಡ.

ಪ್ರಶ್ನೆ: ನಮ್ಮ ಮಗಳು ಆಗಲೇ ಒಪ್ಪಿಗೆ ಕಳುಹಿಸಿಬಿಟ್ಟಿದ್ದಾಳೆ. ಈಗೇನು ಮಾಡುವುದು?

ಚಿತ್ರದುರ್ಗದಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು. ಗಾಬರಿ ಬೇಡ. ಆಶಯಪತ್ರಕ್ಕೆ ಒಪ್ಪಿಗೆ ಕೊಟ್ಟದ್ದು ಬಾಂಡ್‌ಗೆ ಸಹಿ ಹಾಕಿದಂತಲ್ಲ. ಬಾಂಡ್ ಸಾಮಾನ್ಯವಾಗಿ ಸೇರುವ ಹೊತ್ತಿಗೆ ಬರುತ್ತದೆ. ಅದರ ಕರಡನ್ನು ಈಗಲೇ ಕೇಳಿ ತರಿಸಿಕೊಳ್ಳಬಹುದು. ಒಪ್ಪಿ ಆಮೇಲೆ ಬಿಟ್ಟರೆ ಕಾಲೇಜು ಏನು ಮಾಡುತ್ತದೆ ಎಂಬುದನ್ನು ಪ್ಲೇಸ್‌ಮೆಂಟ್ ನಿಯಮಗಳಲ್ಲಿ ಓದಿ. ಕೆಲವು ಕಡೆ ಮುಂದಿನ ಸಂದರ್ಶನಗಳಿಗೆ ಬಿಡುವುದಿಲ್ಲ, ಅಷ್ಟೆ. ಸೇರುವ ತಾರೀಖು ಬರುವವರೆಗೆ ಅವಳು ಕಾಲೇಜಿನ ಹೊರಗೆ ಅರ್ಜಿ ಹಾಕುವುದನ್ನು ನಿಲ್ಲಿಸಬಾರದು.

ಪತ್ರ ತೋರಿಸಬೇಕೆನ್ನುವವರು ಅನುಬಂಧದ ಪುಟ ಮತ್ತು ಬಾಂಡ್‌ನ ಪುಟಗಳನ್ನು ಮಾತ್ರ, ಮಗುವಿನ ಹೆಸರು, ವಿಳಾಸ ಮುಚ್ಚಿ ಕಳುಹಿಸಿ. ಮೊದಲನೆಯ ಪುಟ ನನಗೆ ಬೇಡ. ಕಳುಹಿಸುವ ಮುನ್ನ ಮೂರು ಬಣ್ಣ ನೀವೇ ಹಚ್ಚಿರಿ. ಕೂಡಿದ್ದು ತಪ್ಪಿದ್ದರೆ ಮಾತ್ರ ನಾನು ತಿದ್ದುತ್ತೇನೆ.